ಬೋರ್ಡ್ 15: ಐದು ಡೈಮಂಡ್ ಡಬಲ್, ಮೂರು ಡೌನ್, ಮೈನಸ್ 500. ಇದು ಒಳ್ಳೆ ಸ್ಕೋರಾ ಕೆಟ್ಟ ಸ್ಕೋರಾ?

ಕೋಟೆಬೀದಿ_ಈಸ್ಟ್ (ಬಳ್ಳಾರಿ)

ಡೂಪ್ಲಿಕೇಟ್ ಬ್ರಿಡ್ಜ್ ಆಡೋರು ಯಾರಾದ್ರೂ ಇದನ್ನ ಬಿಡಿಸಿ ಹೇಳ್ರಿ. ಐದು ಟೇಬಲ್ ಆಟ. ಬೋರ್ಡ್ 15, ಡೀಲರ್ ಸೌತ್, ನಾರ್ತ್-ಸೌತ್ ವಲ್ನರಬಲ್, ನಾವು ಈಸ್ಟ್-ವೆಸ್ಟ್ ಅಲ್ಲ. ಸೌತ್ ಒಂದು ಸ್ಪೇಡ್ ಅಂದ್ರು, ನನ್ನ ಪಾರ್ಟ್ನರ್ ಎರಡು ಡೈಮಂಡ್, ನಾರ್ತ್ ನೇರ ನಾಲ್ಕು ಸ್ಪೇಡ್. ನಾನು ಐದು ಡೈಮಂಡ್ ಹಾಕಿದೆ. ಸೌತ್ ಡಬಲ್, ಅಲ್ಲಿಗೆ ಮುಗೀತು.

ಕೈಗಳು ಹಿಂಗಿದ್ವು:

ನಾರ್ತ್: ಸ್ಪೇಡ್ ಗುಲಾಮ 10 6 5 3, ಹಾರ್ಟ್ ಎಕ್ಕ 7 2, ಡೈಮಂಡ್ 5 2, ಕ್ಲಬ್ ಎಕ್ಕ 10 4
ಸೌತ್: ಸ್ಪೇಡ್ ಎಕ್ಕ ರಾಜ ರಾಣಿ 9 8, ಹಾರ್ಟ್ ರಾಜ 10 5 4, ಡೈಮಂಡ್ ಎಕ್ಕ ಒಂದೇ, ಕ್ಲಬ್ 7 6 2
ವೆಸ್ಟ್: ಸ್ಪೇಡ್ 4, ಹಾರ್ಟ್ 9 6, ಡೈಮಂಡ್ ರಾಜ ರಾಣಿ ಗುಲಾಮ 9 7 4, ಕ್ಲಬ್ ರಾಜ ಗುಲಾಮ 8 3
ಈಸ್ಟ್: ಸ್ಪೇಡ್ 7 2, ಹಾರ್ಟ್ ರಾಣಿ ಗುಲಾಮ 8 3, ಡೈಮಂಡ್ 10 8 6 3, ಕ್ಲಬ್ ರಾಣಿ 9 5

ಒಂದು ಸ್ಪೇಡ್, ಎರಡು ಹಾರ್ಟ್, ಡೈಮಂಡ್ ಎಕ್ಕ, ಕ್ಲಬ್ ಎಕ್ಕ ಹೋದ್ವು. ಎಂಟು ಟ್ರಿಕ್ ಬಂತು, ಮೂರು ಡೌನ್, 500 ಅವರಿಗೆ. ಪಾರ್ಟ್ನರ್‌ಗೆ ಸಿಟ್ಟು, ಪಕ್ಕದ ಟೇಬಲ್‌ನವರು "ಭಾರಿ ಮಾಡಿದ್ರಿ" ಅಂತಾರೆ. ಶೀಟಲ್ಲಿ ನಾರ್ತ್-ಸೌತ್ ಕಡೆಯಿಂದ ಐದು ಸ್ಕೋರು: 650, 620, 620, 500, ಮೈನಸ್ 100. ಯಾರ ಮಾತು ಸರಿ?

---

ತೋರಣಗಲ್ಲು_ಡಬಲ್

ಸಿಂಪಲ್. 500ರ ಒಳಗಿದ್ರೆ ಸ್ಯಾಕ್ರಿಫೈಸ್ ಸರಿ, 500 ದಾಟಿದ್ರೆ ತಪ್ಪು. ನೀವು ಸರಿಯಾಗಿ 500ಕ್ಕೆ ನಿಂತಿದ್ದೀರಿ. ಪಾರ್ಟ್ನರ್‌ಗೆ ಒಂದು ಟೀ ಕುಡಿಸ್ರಿ.

---

ಕುಷ್ಟಗಿ_ಹೊಸಬ

ವಲ್ನರಬಲ್ ಅಂದ್ರ ಕೈ ವೀಕ್ ಐತಿ ಅಂತ ಅಲ್ಲೇನ್ರಿ? ನಾರ್ತ್-ಸೌತ್ ಕೈಯಾಗ ಎಲ್ಲಾ ದೊಡ್ಡ ಎಲಿ ಅದಾವಲ್ಲ, ಅವರು ಹೆಂಗ ವಲ್ನರಬಲ್?

---

ಶಕ್ತಿನಗರ_ಸ್ಕೋರರ್

ಕುಷ್ಟಗಿಯವರೇ, ಅದಕ್ಕೂ ಕೈಗೂ ಸಂಬಂಧವಿಲ್ಲ. ಎಲೆ ಹಂಚುವ ಮೊದಲೇ ಬೋರ್ಡಿನ ಮೇಲೆ ಅಚ್ಚಾಗಿರುತ್ತದೆ. ಆ ಕಡೆಯ ಕಿಸೆಗೆ ಕೆಂಪು ಬಣ್ಣ ಇದ್ದರೆ ಆ ಜೋಡಿ ವಲ್ನರಬಲ್. ಅವರು ಗೇಮ್ ಹೇಳಿ ಮಾಡಿದರೆ ಬೋನಸ್ 300ರ ಬದಲು 500, ಸೋತರೆ ದಂಡವೂ ಹೆಚ್ಚು. ಬೋರ್ಡ್ 15ರಲ್ಲಿ ಯಾವಾಗಲೂ ನಾರ್ತ್-ಸೌತ್ ಕೆಂಪು.

ಕೋಟೆಬೀದಿಯವರ ಪ್ರಶ್ನೆಗೆ: ನಿಮ್ಮ ಬಿಡ್ ಒಳ್ಳೆಯದು. ಆದರೆ ತೋರಣಗಲ್ಲಿನವರು ಹೇಳಿದ ಕಾರಣ ಅರ್ಧ ಮಾತ್ರ ಸರಿ. 500 ಅನ್ನುವುದು ಗೆರೆಯಲ್ಲ. ಅವರು ತಮ್ಮ ಕಾಂಟ್ರ್ಯಾಕ್ಟ್ ಆಡಿದ್ದರೆ ಎಷ್ಟು ತಗೊಳ್ತಿದ್ದರು ಅನ್ನುವುದೇ ಗೆರೆ. ನಾಲ್ಕು ಸ್ಪೇಡ್‌ಗೆ ಟ್ರಿಕ್ ಲೆಕ್ಕ 30ರಂತೆ 120, ವಲ್ನರಬಲ್ ಗೇಮ್ ಬೋನಸ್ 500, ಒಟ್ಟು 620. ನೀವು 500 ಕೊಟ್ಟು 620 ತಪ್ಪಿಸಿದಿರಿ.

ಇದೇ 52 ಎಲೆ ಬೇರೆ ಬೋರ್ಡಿನಲ್ಲಿ ಬಂದಿತ್ತು ಅಂದುಕೊಳ್ಳಿ. 13ರಿಂದ 16ರವರೆಗೆ ನಾಲ್ಕು ಬೋರ್ಡ್‌ಗಳಲ್ಲಿ ನಾಲ್ಕೂ ಬಗೆಯ ವಲ್ನರಬಿಲಿಟಿ ಬರುತ್ತದೆ.

ಬೋರ್ಡ್ 13ರಲ್ಲಿ ಎರಡೂ ಕಡೆ ಕೆಂಪು. ಅವರ ನಾಲ್ಕು ಸ್ಪೇಡ್ 620 ಆಗಿಯೇ ಇರುತ್ತದೆ, ಆದರೆ ನಿಮ್ಮ ಮೂರು ಡೌನ್ 800 ಆಗುತ್ತದೆ. 180 ಜಾಸ್ತಿ ಕೊಟ್ಟ ಹಾಗಾಯ್ತು. ಬೋರ್ಡ್ 14ರಲ್ಲಿ ಯಾರೂ ಕೆಂಪಲ್ಲ. ನಿಮ್ಮ ಮೂರು ಡೌನ್ 500ರಲ್ಲೇ ನಿಲ್ಲುತ್ತದೆ, ಆದರೆ ಅವರ ಗೇಮ್ 420ಕ್ಕೆ ಇಳಿದಿದೆ. ಆಗ ಅದೇ 500 ನಷ್ಟ. ತೋರಣಗಲ್ಲಿನ ಸೂತ್ರ ಕೈಕೊಡುವುದು ಇಲ್ಲೇ. ಬೋರ್ಡ್ 16ರಲ್ಲಿ ನೀವು ಮಾತ್ರ ಕೆಂಪು: 800 ಕೊಟ್ಟು 420 ತಪ್ಪಿಸುವುದು ಎಂಥ ವ್ಯಾಪಾರ?

ಎಲೆ ಅವೇ, ಬಿಡ್ ಅದೇ, ಟ್ರಿಕ್ ಎಂಟೇ. ನಾಲ್ಕರಲ್ಲಿ ಒಂದು ಬೋರ್ಡಲ್ಲಿ ಮಾತ್ರ ಅದು ಲಾಭ.

---

ಕೋಟೆಬೀದಿ_ಈಸ್ಟ್ (ಬಳ್ಳಾರಿ)

ಮೇಡಂ ಇದು ಚೆನ್ನಾಗಿ ತಿಳೀತು. ಹಂಗಾದ್ರೆ ಟೇಬಲ್ ಮೇಲೆ ಕೂತಾಗ ನೆನಪಿಟ್ಕೊಳ್ಳೋದು ಹೆಂಗೆ? ಬಿಡ್ ಮಾಡೋ ಹೊತ್ತಿಗೆ ಇಷ್ಟೆಲ್ಲ ಲೆಕ್ಕ ಹಾಕೋಕೆ ಆಗಲ್ಲ.

---

ಶಕ್ತಿನಗರ_ಸ್ಕೋರರ್

ಎದುರಾಳಿ ಗೇಮ್ ಮಾಡುತ್ತಾರೆ ಅನ್ನುವ ನಂಬಿಕೆ ಇದ್ದಾಗ ಎಷ್ಟು ಡೌನ್ ಹೋಗಬಹುದು ಅಂತ ಮಾತ್ರ ನೆನಪಿಡಿ. ಅವರು ಕೆಂಪು ನೀವಲ್ಲ ಅಂದರೆ ಮೂರು. ಎರಡೂ ಕಡೆ ಒಂದೇ ಥರ ಇದ್ದರೆ ಎರಡು. ನೀವು ಕೆಂಪು ಅವರಲ್ಲ ಅಂದರೆ ಒಂದೇ ಒಂದು.

ಎರಡು ಯಾಕೆ ಅಂದರೆ, ಇಬ್ಬರೂ ಕೆಂಪಿದ್ದಾಗ ಡಬಲ್‌ನಲ್ಲಿ ಎರಡು ಡೌನ್ 500, ಅವರ ಗೇಮ್ 620. ಯಾರೂ ಕೆಂಪಲ್ಲದಾಗ ಎರಡು ಡೌನ್ 300, ಅವರ ಗೇಮ್ 420. ಎರಡೂ ಕಡೆ ಅಂತರ 120. ನೀವು ಮಾತ್ರ ಕೆಂಪಿದ್ದಾಗ ಒಂದು ಡೌನ್ 200, ಎರಡಾದರೆ 500 ಆಗಿ 420 ದಾಟಿಹೋಗುತ್ತದೆ.

---

ಗಂಗಾವತಿ_ರಬ್ಬರ್

ಎಲ್ಲಾರೂ ಬೋರ್ಡ್ ಮ್ಯಾಲ ಬರದದ್ದು ಅಂತೀರಿ. ನಮ್ಮ ಆಟದಾಗ ಹಂಗಿಲ್ಲ. ಒಂದು ಗೇಮ್ ಗೆದ್ದವರು ವಲ್ನರಬಲ್ ಆಗ್ತಾರ, ಅದನ್ನ ಗಳಿಸಬೇಕು. ಗೆರಿ ಕೆಳಗ 100 ಆಗೋತನಕ ಸಣ್ಣ ಸ್ಕೋರ್ ಕೂಡಿಸಿಕೊಂತ ಹೋಗ್ತೀವಿ. ಎರಡು ಸ್ಪೇಡ್ ಮಾಡಿದ್ರ 60 ಕೆಳಗ, ಮುಂದಿನ ಕೈಯಾಗ ಇನ್ನ 40 ಬಂದ್ರ ಗೇಮ್. ಹಿಂಗಿದ್ದಾಗ 300, 500 ಬೋನಸ್ ಎಲ್ಲಿಂದ ತಂದ್ರಿ?

ಮತ್ತ ಒಂದು. ನಮ್ಮ ಗ್ವಾಡಿ ಮ್ಯಾಲ ಹಾಕಿದ ಹಳೇ ಪಟ್ಟಿಯೊಳಗ ನಾನ್ ವಲ್ನರಬಲ್ ಡಬಲ್ ನಾಲ್ಕು ಡೌನ್‌ಗೆ 700 ಐತಿ. ಇಲ್ಲಿ ಯಾರೂ ಅದನ್ನ ಹೇಳಲಿಲ್ಲ.

---

ಸಿಂಧನೂರು_ಟೀಮ್ಸ್

ಕಾಕಾ, ನೀವು ಹೇಳೋದು ರಬ್ಬರ್ ಆಟಕ್ಕ ಪಕ್ಕಾ ಸರಿ ಅದ. ಅಲ್ಲಿ ಗೇಮ್‌ಗೆ ಅಂತ ಬ್ಯಾರೆ ಬೋನಸ್ ಇಲ್ಲ, ರಬ್ಬರ್ ಮುಗಿದಾಗ 500 ಇಲ್ಲಾ 700 ಬರ್ತದ. ಇವರು ಕೇಳಿದ್ದು ಡೂಪ್ಲಿಕೇಟ್. ಇಲ್ಲಿ ಹಿಂದಿನ ಕೈಯಿಂದ ಏನೂ ಮುಂದ ಬರಂಗಿಲ್ಲ, ಪ್ರತಿ ಬೋರ್ಡ್ ತನ್ನ ಲೆಕ್ಕ ತಾನೇ ಮುಗಿಸ್ತದ. ಅದಕ್ಕ ಗೇಮ್ ಬೋನಸ್ ಅಲ್ಲೇ ಕೊಟ್ಟುಬಿಡ್ತಾರ.

ಪಟ್ಟಿ ಮಾತ್ರ ಬದಲಾಯಿಸ್ರಿ. 700 ಇದ್ದದ್ದು ಹಳೇ ನಿಯಮ. ಡೂಪ್ಲಿಕೇಟ್‌ನಾಗ 1987ರಿಂದ ನಾಲ್ಕನೇ ಡೌನ್‌ನಿಂದ ಒಂದೊಂದಕ್ಕ 300. ಅಂದ್ರ 100, 300, 500, ಆಮೇಲೆ 800, 1100.

---

ಗಂಗಾವತಿ_ರಬ್ಬರ್

1987 ಅಂದ್ರ ನಮ್ಮ ಪಟ್ಟಿ ಅದಕ್ಕಿಂತ ಹಳೇದಿರಬೇಕು. ಆದ್ರ ನೂರರ ಫರಕಿನಿಂದ ಏನಾಗ್ತೈತಿ?

---

ಸಿಂಧನೂರು_ಟೀಮ್ಸ್

ಗೇಮ್ ಮಟ್ಟದಾಗ ಏನೂ ಆಗಂಗಿಲ್ಲ, 700 ಇದ್ರೂ 620 ದಾಟಿತ್ತು. ಸ್ಲ್ಯಾಮ್‌ನಾಗ ಗೊತ್ತಾಗ್ತದ. ವಲ್ನರಬಲ್ ಆರು ಸ್ಪೇಡ್ 1430. ಹಳೇ ಪಟ್ಟಿ ಪ್ರಕಾರ ಏಳು ಡೌನ್ ಹೋದ್ರೂ 1300, ಲಾಭ. ಈಗ ಆರು ಡೌನ್‌ಗೇ 1400, ಏಳಾದ್ರ 1700. ಹಳೇ ಪಟ್ಟಿ ನೋಡಿ ಏಳು ಡೌನ್ ಹೋದವರಿಗೆ 270 ಜಾಸ್ತಿ ಹೋಗ್ತದ.

---

ಗಂಗಾವತಿ_ರಬ್ಬರ್

ಆತು, ಪಟ್ಟಿ ತಗಸ್ತೀನಿ. ಆದ್ರ ಆನರ್ಸ್ ಬಗ್ಗೆ ಯಾರೂ ಮಾತಾಡಲಿಲ್ಲ. ಒಂದೇ ಕೈಯಾಗ ಟ್ರಂಪಿನ ಐದು ದೊಡ್ಡ ಎಲಿ ಇದ್ರ 150, ನಾಲ್ಕಿದ್ರ 100. ಸೌತ್ ಕೈಯಾಗ ಎಕ್ಕ ರಾಜ ರಾಣಿ ಐತಲ್ಲ?

---

ಶಕ್ತಿನಗರ_ಸ್ಕೋರರ್

ಮೂರೇ ಇವೆ, ಗುಲಾಮ ಮತ್ತು 10 ನಾರ್ತ್ ಹತ್ತಿರ ಇವೆ. ರಬ್ಬರಿನಲ್ಲೂ ಬರುತ್ತಿರಲಿಲ್ಲ. ಡೂಪ್ಲಿಕೇಟ್‌ನಲ್ಲಿ ಆನರ್ಸ್ ಲೆಕ್ಕವೇ ಇಲ್ಲ, ಯಾಕೆಂದರೆ ಆ ಎಲೆಗಳು ಎಲ್ಲ ಟೇಬಲ್‌ನಲ್ಲೂ ಅದೇ ಕೈಗೆ ಬಂದಿರುತ್ತವೆ.

---

ಕುಷ್ಟಗಿ_ಹೊಸಬ

620, 650 ಎರಡೂ ನಾಲ್ಕು ಸ್ಪೇಡ್ ಏನ್ರಿ? 30 ಎಲ್ಲಿಂದ ಬಂತು?

---

ತೋರಣಗಲ್ಲು_ಡಬಲ್

ಓವರ್‌ಟ್ರಿಕ್. 10 ಬೇಕಿದ್ದಲ್ಲಿ 11 ಮಾಡಿದ್ದಾರೆ. ಡಬಲ್ ಇಲ್ಲದಿದ್ರೆ ಹೆಚ್ಚಿನ ಟ್ರಿಕ್‌ಗೆ ಅದರ ಮಾಮೂಲಿ ಬೆಲೆ ಅಷ್ಟೇ, ಸ್ಪೇಡ್‌ಗೆ 30. ಅದಕ್ಕೇ ನಾನು ಹೇಳೋದು, ಮೂರು ಸ್ಪೇಡ್‌ಗೆ ನಿಂತು ನಾಲ್ಕು ಮಾಡಿದ್ರೂ ಗೇಮೇ. ಯಾಕೆ ಸುಮ್ನೆ ರಿಸ್ಕ್?

---

ಸಿಂಧನೂರು_ಟೀಮ್ಸ್

ಇಲ್ಲ ಅಣ್ಣ, ಇದು ತಪ್ಪು. ಮೂರು ಸ್ಪೇಡ್ ಹೇಳಿ 10 ಟ್ರಿಕ್ ಮಾಡಿದ್ರ 170 ಅಷ್ಟೇ. ಹೇಳಿದ ಮೂರಕ್ಕ 90, ಪಾರ್ಟ್‌ಸ್ಕೋರ್ ಬೋನಸ್ 50, ಓವರ್‌ಟ್ರಿಕ್ 30. ಗೇಮ್ ಬೋನಸ್ಸಿಗೆ 100 ಬೇಕು, ಆ 100ರೊಳಗ ಹೇಳಿದ ಟ್ರಿಕ್ ಮಾತ್ರ ಎಣಿಸ್ತಾರ. ಓವರ್‌ಟ್ರಿಕ್ ಎಷ್ಟು ಬಂದರೂ ಆ ಲೆಕ್ಕಕ್ಕ ಸೇರಂಗಿಲ್ಲ. ಹೇಳಿ ಮಾಡಿದ್ರ 620, ಹೇಳದ ಮಾಡಿದ್ರ 170. ನಡುವ 450 ಹೋತು.

ನಾವು ಟೀಮ್ಸ್ ಆಡುವಾಗ ವಲ್ನರಬಲ್ ಗೇಮ್‌ಗೆ ಯಾಕ ಹಾರ್ತೀವಿ ಅಂದ್ರ ಇದಕ್ಕೇ. ಇನ್ನೊಂದು ಟೇಬಲ್‌ನ ನಮ್ಮ ಎದುರಾಳಿ ಮೂರಕ್ಕ ನಿಂತಾರ ಅಂತಿಟ್ಕೊಳ್ರಿ. ನಾವು ನಾಲ್ಕು ಹೇಳಿ ಮಾಡಿದ್ರ 450 ಲಾಭ, ಅಂದ್ರ 10 ಇಂಪ್. ಒಂದು ಡೌನ್ ಆದ್ರ ನಮಗ ಮೈನಸ್ 100, ಅವರಿಗೆ 140, ಒಟ್ಟು 240, ಅಂದ್ರ 6 ಇಂಪ್ ನಷ್ಟ. 6 ಕಳಕೊಂಡು 10 ಗಳಿಸೋ ಪಂದ್ಯದಾಗ ನೂರಕ್ಕ 38 ಸಲ ಆದ್ರೂ ಸಾಕು. ವಲ್ನರಬಲ್ ಇಲ್ಲದಾಗ ಲಾಭ 6, ನಷ್ಟ 5. ಆಗ 45ರ ಮ್ಯಾಲ ಚಾನ್ಸ್ ಬೇಕು.

---

ತೋರಣಗಲ್ಲು_ಡಬಲ್

ಓಹ್, ಹೇಳಿದ ಟ್ರಿಕ್ ಮಾತ್ರಾನಾ. ಸರಿ ಒಪ್ಪಿದೆ. ಆದ್ರೆ ಹಂಗಿದ್ರೆ ಓವರ್‌ಟ್ರಿಕ್ 30ಕ್ಕೆ ಬೆಲೆನೇ ಇಲ್ಲ ಅಂದಂಗಾಯ್ತು. 620ಕ್ಕೂ 650ಕ್ಕೂ ಏನು ಮಹಾ?

---

ಶಕ್ತಿನಗರ_ಸ್ಕೋರರ್

ಇಲ್ಲಿ ನಿಲ್ಲಿ, ಇದು ಈ ಶೀಟಿನ ಮುಖ್ಯ ಸಂಗತಿ. ಕೋಟೆಬೀದಿಯವರು ಆಡಿದ್ದು ಮ್ಯಾಚ್‌ಪಾಯಿಂಟ್. ಅಲ್ಲಿ ಎಷ್ಟು ಅಂತರದಿಂದ ಗೆದ್ದಿರಿ ಅಂತ ಯಾರೂ ಕೇಳುವುದಿಲ್ಲ, ಎಷ್ಟು ಜೋಡಿಗಿಂತ ಮುಂದಿದ್ದೀರಿ ಅಂತ ಮಾತ್ರ. ಹಿಂದೆ ಹಾಕಿದ ಪ್ರತಿ ಜೋಡಿಗೆ 2, ಸಮ ಆದರೆ 1. ಐದು ಟೇಬಲ್ ಇದ್ದರೆ ನಾಲ್ಕು ಜೋಡಿಗಳ ಜೊತೆ ಹೋಲಿಕೆ, ಗರಿಷ್ಠ 8.

ನಾರ್ತ್-ಸೌತ್ ಕಡೆಯಿಂದ ನೋಡೋಣ. 650 ಮಾಡಿದವರು ನಾಲ್ವರಿಗಿಂತಲೂ ಮುಂದು, 8ಕ್ಕೆ 8. 620ರ ಇಬ್ಬರು ಒಬ್ಬರಿಗೊಬ್ಬರು ಸಮ, ಕೆಳಗಿನ ಇಬ್ಬರಿಗಿಂತ ಮುಂದು, ತಲಾ 5. ನಿಮ್ಮಿಂದ 500 ತಗೊಂಡವರಿಗೆ 2. ಮೈನಸ್ 100ರವರಿಗೆ ಸೊನ್ನೆ.

ಈಗ ಈಸ್ಟ್-ವೆಸ್ಟ್ ಕಡೆ ತಿರುಗಿಸಿ. ನೀವು 500 ಕೊಟ್ಟಿರಿ, ಮೂವರು ನಿಮಗಿಂತ ಹೆಚ್ಚು ಕೊಟ್ಟಿದ್ದಾರೆ. ನಿಮಗೆ 6. 620 ಕೊಟ್ಟವರಿಗೆ 3, 650 ಕೊಟ್ಟವರಿಗೆ ಸೊನ್ನೆ.

ಸೊನ್ನೆಯಿಂದ 3ಕ್ಕೆ ಏರಿಸಿದ್ದು 30 ಅಂಕದ ಒಂದು ಓವರ್‌ಟ್ರಿಕ್. 3ರಿಂದ 6ಕ್ಕೆ ಏರಿಸಿದ್ದು ನಿಮ್ಮ 120 ಅಂಕದ ಸ್ಯಾಕ್ರಿಫೈಸ್. ಎರಡಕ್ಕೂ ಬೆಲೆ ಒಂದೇ, 3. ಟೀಮ್ಸ್‌ನಲ್ಲಾದರೆ 30 ಅಂದರೆ 1 ಇಂಪ್, 120 ಅಂದರೆ 3 ಇಂಪ್. ತೋರಣಗಲ್ಲಿನವರು "ಏನು ಮಹಾ" ಅನ್ನುವುದು ಟೀಮ್ಸ್‌ನಲ್ಲಿ ಸರಿ, ಇಲ್ಲಿ ಸರಿಯಲ್ಲ.

---

ಕೋಟೆಬೀದಿ_ಈಸ್ಟ್ (ಬಳ್ಳಾರಿ)

ಪಾರ್ಟ್ನರ್‌ಗೆ ಇದನ್ನ ಕಳಿಸಿದೆ. ಅವರ ಮಾತು: "ಇನ್ನೊಂದು ಟ್ರಿಕ್ ಹೋಗಿದ್ರೆ?"

---

ಶಕ್ತಿನಗರ_ಸ್ಕೋರರ್

ನಾಲ್ಕು ಡೌನ್, 800. ಆಗ 650 ಕೊಟ್ಟವರಿಗಿಂತಲೂ ಹಿಂದೆ, 6 ಹೋಗಿ ಸೊನ್ನೆ. ಅವರ ಭಯ ನ್ಯಾಯವಾದದ್ದೇ. ಆದರೆ ಈ ಕೈಯಲ್ಲಿ ನಾಲ್ಕನೇ ಡೌನ್ ಇರಲಿಲ್ಲ. ಅದು ಬರುವುದು ಎದುರಾಳಿಗೆ ಒಂದು ರಫ್ ಸಿಕ್ಕಾಗ. ಅವರ ಕ್ಲಬ್ 3-3 ಆಗಿ ಹಂಚಿತ್ತು, ಹಾಗಾಗಿ ರಫ್ ಸಿಗಲಿಲ್ಲ. ಅದೇ 5-1 ಆಗಿ ನಾರ್ತ್ ಹತ್ತಿರ ಒಂದೇ ಕ್ಲಬ್ ಇದ್ದು, ಎಕ್ಕ ಸೌತ್ ಕೈಯಲ್ಲಿದ್ದಿದ್ದರೆ, ಟ್ರಂಪ್ ತೆಗೆಯುವ ಮೊದಲು ಎಕ್ಕ ಹೊಡೆದು ಇನ್ನೊಂದು ಕ್ಲಬ್ ಕೊಟ್ಟು ನಾರ್ತ್‌ಗೆ ರಫ್ ಕೊಡುತ್ತಿದ್ದರು.

---

ಕುಷ್ಟಗಿ_ಹೊಸಬ

650 ಮಾಡಿದವರು 11ನೇ ಟ್ರಿಕ್ ಎಲ್ಲಿಂದ ತಂದ್ರು? ನಾನು ಎಣಿಸಿದ್ರ ಒಂದು ಹಾರ್ಟ್, ಎರಡು ಕ್ಲಬ್ ಹೋಗಾಕಬೇಕು. ಹತ್ತs ಬರ್ತಾವ.

---

ಶಕ್ತಿನಗರ_ಸ್ಕೋರರ್

ಎಣಿಕೆ ಸರಿ ಇದೆ. 11ನೆಯದು ಈಸ್ಟ್ ಕೊಟ್ಟರೆ ಮಾತ್ರ ಬರುತ್ತದೆ. ವೆಸ್ಟ್ ಡೈಮಂಡ್ ರಾಜ ಆಡಿದರು, ಸೌತ್ ಎಕ್ಕದಿಂದ ಗೆದ್ದರು. ಎರಡು ಸುತ್ತು ಟ್ರಂಪ್ ತೆಗೆದು, ಎರಡನೆಯದನ್ನು ನಾರ್ತ್ ಗುಲಾಮನಿಂದ ಗೆದ್ದು, ಅಲ್ಲಿಂದ ಉಳಿದ ಡೈಮಂಡ್ ಕೈಯಲ್ಲಿ ರಫ್ ಮಾಡಬೇಕು. ಇದು ಮುಖ್ಯ. ಈಗ ಎರಡೂ ಕೈಯಲ್ಲಿ ಡೈಮಂಡ್ ಇಲ್ಲ. ಆಮೇಲೆ ಹಾರ್ಟ್ ರಾಜ, ಎಕ್ಕ, ಮೂರನೇ ಹಾರ್ಟ್ ಈಸ್ಟ್‌ಗೆ. ಈಸ್ಟ್ ಇನ್ನೊಂದು ಹಾರ್ಟ್ ತಿರುಗಿಸಿದರೆ ನಾರ್ತ್ ರಫ್ ಮಾಡದೆ ಕ್ಲಬ್ 4 ಎಸೆಯುತ್ತಾರೆ, ಆಟ ಮತ್ತೆ ಈಸ್ಟ್ ಕೈಗೇ.

ಈಗ ಈಸ್ಟ್ ಹತ್ತಿರ ಡೈಮಂಡ್ ಮತ್ತು ಕ್ಲಬ್ ಮಾತ್ರ. ಕ್ಲಬ್ ರಾಣಿ ಆಡಿದರೆ ನಾರ್ತ್ ಎಕ್ಕ ಗೆದ್ದರೂ 10 ಮುಂದೆ ಹೋಗಲೇಬೇಕು, ಒಟ್ಟು 10 ಟ್ರಿಕ್, 620. ಕ್ಲಬ್ ಬಿಚ್ಚಲು ಹೆದರಿ ಡೈಮಂಡ್ ಆಡಿದರೆ ಸೌತ್ ಟ್ರಂಪ್ ಮಾಡುತ್ತಾರೆ, ನಾರ್ತ್ ಕ್ಲಬ್ 10 ಎಸೆಯುತ್ತಾರೆ. ಕ್ಲಬ್‌ನಲ್ಲಿ ಒಂದೂ ಹೋಗುವುದಿಲ್ಲ, 650. ಮ್ಯಾಚ್‌ಪಾಯಿಂಟ್‌ನಲ್ಲಿ ಕಾಂಟ್ರ್ಯಾಕ್ಟ್ ಭದ್ರವಾದ ಮೇಲೂ ಡಿಕ್ಲೇರರ್ ಇಷ್ಟು ಶ್ರಮಪಡುವುದು ಆ 3 ಅಂಕಕ್ಕೆ.

---

ಹಟ್ಟಿ_ಬಾವಿ

ನಡುವೆ ನನ್ನದೊಂದು ಕೇಳ್ತೀನಿ, ಓವರ್‌ಟ್ರಿಕ್ ವಿಷಯಾನೇ ಅದ. ಎದುರಾಳಿ ಕೆಂಪು, ಎರಡು ಸ್ಪೇಡ್ ಅಂದ್ರು. ನಾನು ಡಬಲ್ ಹಾಕಿದೆ. ಒಂಬತ್ತು ಟ್ರಿಕ್ ಮಾಡಿದ್ರು, ಶೀಟ್‌ನಾಗ 870 ಬರದಾರ. ಡಬಲ್ ಇಲ್ಲದಿದ್ರ 140 ಆಗೋದು ಡಬಲ್‌ನಾಗ 280 ಆಗಬೇಕಲ್ಲ? 870 ತಪ್ಪು ಬರದಾರ ಅಂತ ನನ್ನ ವಾದ.

---

ಸಿಂಧನೂರು_ಟೀಮ್ಸ್

ಸರಿ ಬರದಾರ. ಡಬಲ್ ಅಂದ್ರ ಪೂರಾ ಸ್ಕೋರ್ ಎರಡು ಪಟ್ಟು ಅಲ್ಲ. ಹೇಳಿದ ಟ್ರಿಕ್‌ನ ಬೆಲೆ ಮಾತ್ರ ಎರಡು ಪಟ್ಟು. ಎರಡು ಸ್ಪೇಡ್ 60, ಅದು 120 ಆತು. 120 ಅಂದ್ರ 100 ದಾಟ್ತು, ಅಂದ್ರ ನೀವೇ ಅವರನ್ನ ಗೇಮ್‌ಗೆ ಕೂಡಿಸಿದ್ರಿ, ಕೆಂಪಿಗೆ 500. ಡಬಲ್ ಆದದ್ದನ್ನ ಮಾಡಿದ್ದಕ್ಕ 50. ಓವರ್‌ಟ್ರಿಕ್‌ಗೆ ಇಲ್ಲಿ 30 ಅಲ್ಲ, ಕೆಂಪಿದ್ದಾಗ ಒಂದಕ್ಕ 200. ಕೂಡಿಸ್ರಿ, 870.

ಕೆಂಪಿಲ್ಲದಿದ್ರ 120, 300, 50, 100, ಒಟ್ಟು 570.

---

ಹಟ್ಟಿ_ಬಾವಿ

ಹಾಂಗಾದ್ರ ಎರಡು ಡೈಮಂಡ್ ಡಬಲ್ ಮಾಡಿದ್ರೂ ಇದೇ ಗತಿಯಾ?

---

ಸಿಂಧನೂರು_ಟೀಮ್ಸ್

ಇಲ್ಲ. ಎರಡು ಡೈಮಂಡ್ 40, ಡಬಲ್‌ಗೆ 80. 100 ಮುಟ್ಟಂಗಿಲ್ಲ, ಗೇಮ್ ಬೋನಸ್ ಇಲ್ಲ. 80, 50, 50, ಒಟ್ಟು 180. ಮಾಡಿದ್ರೂ ನಷ್ಟ ತಡಕೋಬಹುದು. ಎರಡು ಹಾರ್ಟ್, ಎರಡು ಸ್ಪೇಡ್, ಮೂರು ಡೈಮಂಡ್ ಡಬಲ್ ಮಾಡುವಾಗ ಮಾತ್ರ ಎರಡು ಸಲ ನೋಡ್ರಿ.

---

ತೋರಣಗಲ್ಲು_ಡಬಲ್

ಆದ್ರೂ ಹಟ್ಟಿಯವರ ಡಬಲ್ ಕೆಟ್ಟದ್ದಲ್ಲ. ಕೆಂಪಿನವರು ಒಂದು ಡೌನ್ ಹೋಗಿದ್ರೆ 200. ಬೇರೆ ಟೇಬಲ್‌ನಲ್ಲಿ ನಮ್ಮವರು 110, 140 ಮಾಡ್ತಿರ್ತಾರೆ. 200 ಬಂದ್ರೆ ಎಲ್ಲರಿಗಿಂತ ಮೇಲೆ. ಡಬಲ್ ಇಲ್ಲದೆ 100 ತಗೊಂಡ್ರೆ ಕೆಳಗೆ.

---

ಶಕ್ತಿನಗರ_ಸ್ಕೋರರ್

ಇದು ಒಳ್ಳೆಯ ಮಾತು. ಮ್ಯಾಚ್‌ಪಾಯಿಂಟ್‌ನಲ್ಲಿ ನಮ್ಮ ಕೈಯಲ್ಲಿ 110 ಅಥವಾ 140 ಇತ್ತು ಅನ್ನಿಸಿದಾಗ ಕೆಂಪಿನವರಿಗೆ ಡಬಲ್ ಹಾಕುವುದಕ್ಕೆ ಕಾರಣ ಇದೇ. ಟೀಮ್ಸ್‌ನಲ್ಲಿ ಮಾಡಬೇಡಿ. ಅಲ್ಲಿ 100 ಬದಲು 200 ಬಂದರೆ ಸಿಗುವುದು 3 ಇಂಪ್, ತಪ್ಪಿದರೆ ಹೋಗುವುದು ಹತ್ತರ ಮೇಲೆ.

---

ಸಿಂಧನೂರು_ಟೀಮ್ಸ್

ಮೇಡಂ, ಡಬಲ್ ವಿಷಯ ಬಂತು ಅಂತ ಕೇಳ್ತೀನಿ. ಬೋರ್ಡ್ 15ರಾಗ ಸೌತ್ ಡಬಲ್ ಹಾಕಿದ್ದರಿಂದ ಅವರಿಗೆ ಸಿಕ್ಕದ್ದಾದ್ರೂ ಏನು? ಡಬಲ್ ಇಲ್ಲದ ಐದು ಡೈಮಂಡ್ ಮೂರು ಡೌನ್ ಅಂದ್ರ 150. ಆ ಶೀಟ್‌ನಾಗ 500ರ ಜಾಗಕ್ಕ 150 ಬರೀರಿ. 620ಕ್ಕಿಂತ ಕೆಳಗ, ಮೈನಸ್ 100ಕ್ಕಿಂತ ಮ್ಯಾಲ. ಆಗಲೂ 2, ಈಗಲೂ 2. ಡಬಲ್‌ಗೆ ಬೆಲೆನೇ ಇಲ್ಲ.

---

ಶಕ್ತಿನಗರ_ಸ್ಕೋರರ್

ಈ ಶೀಟಿನಲ್ಲಿ ನಿಜ. ಆದರೆ ಡಬಲ್ ಹಾಕುವಾಗ ಶೀಟ್ ಕಾಣುವುದಿಲ್ಲ. ಇನ್ನೊಂದು ಟೇಬಲ್‌ನಲ್ಲೂ ಐದು ಡೈಮಂಡ್ ಡಬಲ್ ಆಗಿದ್ದಿದ್ದರೆ 150ರವರು ಅವರಿಗಿಂತಲೂ ಕೆಳಗೆ ಹೋಗುತ್ತಿದ್ದರು. ಟೀಮ್ಸ್‌ನಲ್ಲಂತೂ ಡಬಲ್ ಬೇಕೇ ಬೇಕು: 620ಕ್ಕೂ 150ಕ್ಕೂ ಅಂತರ 470, 10 ಇಂಪ್. 500 ತಗೊಂಡರೆ ನಷ್ಟ 3 ಮಾತ್ರ.

---

ತೋರಣಗಲ್ಲು_ಡಬಲ್

ನಾನು ಸೌತ್ ಆಗಿದ್ರೆ ಐದು ಸ್ಪೇಡ್ ಹೇಳ್ತಿದ್ದೆ. 10 ಸ್ಪೇಡ್ ಇದಾವೆ, ಡೈಮಂಡ್‌ನಲ್ಲಿ ಒಂದೂ ಹೋಗಲ್ಲ. ಆ ಈಸ್ಟ್ ಡೈಮಂಡ್ ತಿರುಗಿಸಿದಂಗೆ ತಿರುಗಿಸಿದ್ರೆ 650 ನಮ್ಮದು.

---

ಸಿಂಧನೂರು_ಟೀಮ್ಸ್

ಮೈನಸ್ 100 ಬಂದ ಟೇಬಲ್ ಅದೇ ಮಾಡ್ಯದ. ಐದು ಸ್ಪೇಡ್, ಒಂದು ಡೌನ್, 8ಕ್ಕೆ ಸೊನ್ನೆ.

---

ತೋರಣಗಲ್ಲು_ಡಬಲ್

ಕಳೆದುಕೊಳ್ಳೋಕೆ ಇದ್ದದ್ದು 2 ಅಷ್ಟೇ. ಡಬಲ್ ಹಾಕಿ ಕೂತ್ರೆ 2, ಐದು ಸ್ಪೇಡ್ ಆದ್ರೆ 8ರ ಹತ್ತಿರ, ಆಗದಿದ್ರೆ 0. ನಾಲ್ಕರಲ್ಲಿ ಒಂದು ಸಲ ಆದ್ರೂ ಸಾಕು ಅನ್ಸುತ್ತೆ.

---

ಶಕ್ತಿನಗರ_ಸ್ಕೋರರ್

ನೀವು 2 ಅಂತ ಲೆಕ್ಕ ಹಾಕಿದ್ದು ಐದು ಡೈಮಂಡ್ ಮೂರೇ ಡೌನ್ ಅಂತ ಗೊತ್ತಾದ ಮೇಲೆ. ಸೌತ್ ಕೈಯಲ್ಲಿ ಕೂತಾಗ ಅದು ನಾಲ್ಕು ಡೌನ್ ಆಗಬಹುದು, ಆಗ 800 ಬಂದು ಪೂರ್ತಿ 8. ಆದರೂ ನಿಮ್ಮ ವಾದವನ್ನು ಸುಳ್ಳು ಅನ್ನಲಾರೆ. ಅವರು ಕೆಂಪಲ್ಲದೆ ನಾವು ಕೆಂಪಿದ್ದಾಗ ಡಬಲ್‌ನ ದಂಡ ಸಾಲುವುದಿಲ್ಲ ಅನ್ನುವುದು ನಿಜವಾದ ಕಷ್ಟ. ನಾನು ಡಬಲ್ ಹಾಕುತ್ತೇನೆ, ನಾರ್ತ್ ಹತ್ತಿರ ಆರು ಸ್ಪೇಡ್ ಇದ್ದಿದ್ದರೆ ಅವರು ಮುಂದೆ ಹೋಗಬಹುದಿತ್ತು.

---

ತೋರಣಗಲ್ಲು_ಡಬಲ್

ನಾನು ಐದು ಸ್ಪೇಡೇ.

---

ಗಂಗಾವತಿ_ರಬ್ಬರ್

ನನಗೂ ಐದು ಸ್ಪೇಡ್ ಸರಿ ಕಾಣ್ತೈತಿ. ರಬ್ಬರಿನ್ಯಾಗ ಆ ಗೇಮ್ ಬಿಟ್ಟುಕೊಡೋದು ಭಾಳ ತುಟ್ಟಿ.

---

ಕೋಟೆಬೀದಿ_ಈಸ್ಟ್ (ಬಳ್ಳಾರಿ)

ಇನ್ನೊಂದು. ನಾನು ಐದು ಡೈಮಂಡ್ ಹಾಕುವಾಗ ಅವರ ನಾಲ್ಕು ಸ್ಪೇಡ್ ಆಗೇ ಆಗುತ್ತೆ ಅಂತ ಹೆಂಗೆ ಗೊತ್ತು? ಅದು ಡೌನ್ ಹೋಗೋ ಹಂಗಿದ್ರೆ?

---

ಶಕ್ತಿನಗರ_ಸ್ಕೋರರ್

ಆಗ ನಿಮಗೆ ಬರಬೇಕಿದ್ದ 100 ಬಿಟ್ಟು 500 ಕೊಟ್ಟ ಹಾಗೆ. ಸ್ಯಾಕ್ರಿಫೈಸ್‌ನಲ್ಲಿ ದೊಡ್ಡ ಹೊಡೆತ ಬೀಳುವುದು ಇದರಿಂದಲೇ, ಒಂದು ಟ್ರಿಕ್ ಹೆಚ್ಚು ಹೋಗುವುದರಿಂದಲ್ಲ.

ನಿಮ್ಮ ಕೈ ನೋಡಿ. ಪಾರ್ಟ್ನರ್ ಡೈಮಂಡ್ ಹೇಳಿದ್ದಾರೆ, ನಿಮ್ಮ ಹತ್ತಿರ ನಾಲ್ಕು ಡೈಮಂಡ್. ಇಬ್ಬರದೂ ಸೇರಿ ಒಂಬತ್ತೋ ಹತ್ತೋ. ಎದುರಾಳಿ ಹತ್ತಿರ ಮೂರು ನಾಲ್ಕು ಮಾತ್ರ, ಹಾಗಾಗಿ ಡೈಮಂಡ್‌ನಲ್ಲಿ ನಿಮಗೆ ಒಂದು ಟ್ರಿಕ್ ಸಿಕ್ಕರೆ ಹೆಚ್ಚು. ಸ್ಪೇಡ್‌ನಲ್ಲಿ ನಿಮಗೆ ಏನೂ ಇಲ್ಲ. ನಿಮ್ಮ ರಾಣಿ ಗುಲಾಮ ಬೇರೆ ಬಣ್ಣದಲ್ಲಿದ್ದರೂ ಖಚಿತ ಟ್ರಿಕ್ ಅಲ್ಲ. ಅವರನ್ನು ಸೋಲಿಸಲು ನಾಲ್ಕು ಟ್ರಿಕ್ ಬೇಕು, ಎಲ್ಲಿಂದ ತರುತ್ತೀರಿ? ಅದಕ್ಕೇ ಐದು ಡೈಮಂಡ್. ಇದೇ ಕೈಯಲ್ಲಿ ಡೈಮಂಡ್ ಎರಡೇ ಇದ್ದು, ಸ್ಪೇಡ್ ರಾಣಿ 10 7 2 ಇದ್ದಿದ್ದರೆ ಬಾಯಿ ಮುಚ್ಚಿ ಪಾಸ್ ಮಾಡಬೇಕಿತ್ತು.

---

ಕುಷ್ಟಗಿ_ಹೊಸಬ

ಈ ಕೆಂಪು ಕೆಂಪಲ್ಲ ಅನ್ನೋದನ್ನ ಯಾರು ತಂದ್ರು? ಇಲ್ಲದಿದ್ರ ಆಟ ಸಲೀಸಿತ್ತು.

---

ಗಂಗಾವತಿ_ರಬ್ಬರ್

ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್. 1925ರಾಗ ಫಿನ್ಲೆಂಡ್ ಅನ್ನೋ ಹಡಗಿನ್ಯಾಗ ಈಗಿನ ಕಾಂಟ್ರ್ಯಾಕ್ಟ್ ಬ್ರಿಡ್ಜಿನ ಸ್ಕೋರಿಂಗ್ ಕಟ್ಟಿದ್ರು. ಆ ಹೆಸರು ಮಾತ್ರ ಹಡಗಿನ್ಯಾಗಿದ್ದ ಒಬ್ಬ ಹೆಣ್ಣುಮಗಳು ಕೊಟ್ಟಿದ್ದು ಅಂತಾರ. ಇದಿಲ್ಲದಿದ್ರ ಎಲ್ಲಾ ಬೋರ್ಡ್‌ನಾಗೂ ಒಂದೇ ಲೆಕ್ಕ, ಮಜಾ ಎಲ್ಲೈತಿ?

---

ಹಟ್ಟಿ_ಬಾವಿ

ನಮ್ಮಲ್ಲಿ ಒಂದು ಬೋರ್ಡ್‌ನಾಗ ನಾಲ್ಕು ಸ್ಪೇಡ್ ಸರಿಯಾಗಿ ಮಾಡಿದ್ದಕ್ಕ ಒಂದು ಟೇಬಲ್ 420, ಇನ್ನೊಂದು 620 ಬರದಾರ. ಒಂದೇ ಬೋರ್ಡ್, ಒಂದೇ ಜೋಡಿ ಕಡೆ. ಯಾವುದು ಹಿಡೀಬೇಕು?

---

ಶಕ್ತಿನಗರ_ಸ್ಕೋರರ್

ಎರಡೂ ಸರಿ ಇರಲು ಸಾಧ್ಯವೇ ಇಲ್ಲ. ಬೋರ್ಡ್ ನಂಬರ್ ನೋಡಿ. 2, 5, 12, 15ರಲ್ಲಿ ನಾರ್ತ್-ಸೌತ್ ಮಾತ್ರ ಕೆಂಪು. 3, 6, 9, 16ರಲ್ಲಿ ಈಸ್ಟ್-ವೆಸ್ಟ್ ಮಾತ್ರ. 4, 7, 10, 13ರಲ್ಲಿ ಇಬ್ಬರೂ. ಉಳಿದ 1, 8, 11, 14ರಲ್ಲಿ ಯಾರೂ ಇಲ್ಲ. 17ರಿಂದ ಮತ್ತೆ ಮೊದಲಿನಿಂದ.

ಎರಡು ಕಾರಣಕ್ಕೆ ಹೀಗಾಗುತ್ತದೆ. ಒಂದು, ಬರೆಯುವವರು ಬೋರ್ಡ್ ನೋಡದೆ ಅಭ್ಯಾಸಬಲದಿಂದ 420 ಗೀಚುವುದು. ಅದನ್ನು ಅಲ್ಲೇ ತಿದ್ದಬಹುದು. ಇನ್ನೊಂದು, ಬೋರ್ಡನ್ನು ಟೇಬಲ್ ಮೇಲೆ ತಿರುಗಿಸಿ ಇಟ್ಟು ನಾರ್ತ್ ಎಲೆಯನ್ನು ಈಸ್ಟ್ ತೆಗೆದಿರುವುದು. ಆಗ ಸ್ಕೋರ್ ತಪ್ಪಲ್ಲ, ಆಟವೇ ಬೇರೆ ಆಗಿರುತ್ತದೆ. ಬೋರ್ಡಿನ ಮೇಲಿನ ಬಾಣ ನಾರ್ತ್ ಕಡೆಗೇ ಇತ್ತಾ ಅಂತ ಆ ಟೇಬಲ್‌ನವರನ್ನು ಕೇಳಿ. ನಿಮ್ಮದು ಯಾವ ನಂಬರ್?

---

ಹಟ್ಟಿ_ಬಾವಿ

9. ಸ್ಪೇಡ್ ಆಡಿದವರು ನಾರ್ತ್-ಸೌತ್.

---

ಶಕ್ತಿನಗರ_ಸ್ಕೋರರ್

ಹಾಗಾದರೆ 420. 620 ಬರೆದವರದ್ದನ್ನು ಹೊಡೆದು ಹಾಕಿ, ಇಬ್ಬರಿಗೂ ಮ್ಯಾಚ್‌ಪಾಯಿಂಟ್ ಮತ್ತೆ ಲೆಕ್ಕ ಹಾಕಿ. ಒಬ್ಬರ 200 ತೆಗೆದರೆ ಆ ಬೋರ್ಡಿನ ಉಳಿದ ಎಲ್ಲರ ಅಂಕವೂ ಸರಿಯುತ್ತದೆ, ಅದನ್ನು ಮರೆಯಬೇಡಿ.